ಗಿರಿಯ ದಾರಿಯಲ್ಲೊಂದು ಬೈಕ್ ಅಂಗಡಿಯ ಬೋರ್ಡು

ಚಿಕ್ಕಮಗಳೂರಿನಲ್ಲಿ ನನ್ನ ಸೋದರಳಿಯ ಬಾಡಿಗೆ ಬೈಕ್‌ಗಳ ಅಂಗಡಿ ತೆರೆದಾಗ ಮೊದಲು ಮಾಡಿಸಿದ ಬೋರ್ಡಿನಲ್ಲಿ ಮೂರೇ ಸಾಲುಗಳಿದ್ದವು. ‘ಬೈಕ್ ಬಾಡಿಗೆಗೆ ಸಿಗುತ್ತದೆ. ಗಂಟೆಗೆ 80 ರೂಪಾಯಿ. ನಿಧಾನವಾಗಿ ಚಲಿಸಿ.’ ಕೆಳಗೆ ಫೋನ್ ನಂಬರ್. ಒಂದು ತಿಂಗಳಾದ ಮೇಲೆ ಅವನೇ ಫೋನ್ ಮಾಡಿದ. “ಮಾವ, ದಿನಾ ಸಂಜೆ ಜಗಳ. ಬೆಳಿಗ್ಗೆ ನಗುನಗುತ್ತಾ ಗಾಡಿ ತಗೊಂಡು ಹೋದವರೇ ಸಂಜೆ ವಾಪಸ್ ಕೊಡುವಾಗ ಜಗಳ ತೆಗೀತಾರೆ. ನೀವು ಬರೆಯೋ ಮನುಷ್ಯ, ಒಂದು ಒಳ್ಳೆ ಬೋರ್ಡು ಬರೆದುಕೊಡಿ.”

ಬೋರ್ಡು ಬರೆಯುವ ಮೊದಲು ಎರಡು ದಿನ ಅವನ ಅಂಗಡಿಯಲ್ಲಿ ಕೂತೆ. ಒಂದು ವಿಷಯ ಸ್ಪಷ್ಟವಾಯಿತು. ಜಗಳವಾದದ್ದು ಬೋರ್ಡಿನಲ್ಲಿ ಬರೆದಿದ್ದ ಮಾತಿಗಲ್ಲ, ಬರೆಯದೇ ಬಿಟ್ಟಿದ್ದ ಮಾತಿಗೆ. ಒಂದು ಗಂಟೆಗೆ ಹತ್ತು ನಿಮಿಷ ಹೆಚ್ಚಾದರೆ ಎಷ್ಟು? ಪೆಟ್ರೋಲ್ ಯಾರದು? ಕನ್ನಡಿ ಮೊದಲೇ ಒಡೆದಿತ್ತೋ, ಇವರು ಒಡೆದರೋ? ಇದಕ್ಕಿಂತ ದೊಡ್ಡದೊಂದು ಸಂಗತಿ ಎರಡನೆಯ ದಿನ ಕಂಡಿತು. ಗಡಿಯಾರ ನೋಡುತ್ತಾ ಗಿರಿಯಿಂದ ಇಳಿದು ಬಂದ ಇಬ್ಬರು ಹುಡುಗರ ಸ್ಕೂಟರಿನ ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತಿತ್ತು. “ಇನ್ನೊಂದು ಗಂಟೆಯ ದುಡ್ಡು ಬೀಳುತ್ತೆ ಅಂತ ಬೇಗ ಬಂದ್ವಿ” ಎಂದರು. ಗಂಟೆಯ ದರ ಬರೆದ ಆ ಸಾಲೇ ಅವರನ್ನು ಇಳಿಜಾರಿನಲ್ಲಿ ಓಡಿಸಿತ್ತು. ದರ ಬೇರೆ, ಸುರಕ್ಷತೆ ಬೇರೆ ಎಂದು ನಾನು ಅಂದುಕೊಂಡಿದ್ದೆ. ಗುಡ್ಡದ ಊರಿನಲ್ಲಿ ಅವೆರಡೂ ಒಂದೇ.

ಗಂಟೆಯ ಲೆಕ್ಕ

ಚಿಕ್ಕಮಗಳೂರಿಗೆ ಬಂದು ಬೈಕ್ ಹಿಡಿಯುವವರಲ್ಲಿ ಹೆಚ್ಚಿನವರ ಗುರಿ ಮುಳ್ಳಯ್ಯನಗಿರಿ. 1,930 ಮೀಟರ್ ಎತ್ತರದ ಈ ಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಊರು ಇರುವುದು ಸುಮಾರು 1,100 ಮೀಟರ್ ಎತ್ತರದಲ್ಲಿ. ಅಂದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಾರಿಯಲ್ಲಿ ಗಾಡಿ 800 ಮೀಟರಿಗೂ ಹೆಚ್ಚು ಏರಬೇಕು, ಅಷ್ಟೇ ಇಳಿಯಬೇಕು. ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆ ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ಹತ್ತುತ್ತದೆ. ಸೀತಾಳಯ್ಯನಗಿರಿಯಿಂದ ಮುಂದೆ ಅದು ಇನ್ನೂ ಕಿರಿದು. ಇಂಥ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರಿನ ಸರಾಸರಿ ಸಿಕ್ಕರೆ ಅದೇ ಹೆಚ್ಚು. ಹೋಗಿ ಬರಲು ಗಾಡಿಯ ಮೇಲೇ ಎರಡು ಗಂಟೆ ಬೇಕು. ಚೆಕ್‌ಪೋಸ್ಟಿನ ಸಾಲು, ಮೇಲಿನ ಮೆಟ್ಟಿಲು, ಫೋಟೋ, ತಿಂಡಿ ಸೇರಿದರೆ ಐದಾರು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಹೋಗುವವರು ಮುಂಚಿತವಾಗಿ ಆನ್‌ಲೈನ್‌ನಲ್ಲಿ ನೋಂದಾಯಿಸಿ, ಬೆಳಗಿನ ಅಥವಾ ಮಧ್ಯಾಹ್ನದ ಸರದಿ ಪಡೆಯುವ ವ್ಯವಸ್ಥೆ ಬಂದಿದೆ. ಹಾಗಾಗಿ ಯಾವಾಗ ಹೊರಡುವುದು ಎಂಬುದೂ ಪೂರ್ತಿ ನಮ್ಮ ಕೈಯಲ್ಲಿಲ್ಲ.

ಇಂಥ ಜಾಗದಲ್ಲಿ ‘ಗಂಟೆಗೆ 80’ ಎಂದಷ್ಟೇ ಬರೆದರೆ ಓದುವವನ ಮನಸ್ಸಿಗೆ ಬರುವುದು ಎರಡು ಗಂಟೆಯ 160 ರೂಪಾಯಿ. ಕೊನೆಗೆ ಬಿಲ್ ಆಗುವುದು ಆರು ಗಂಟೆಯದು. ಅದಕ್ಕೆ ನಾವು ಮೊದಲು ಮಾಡಿದ ಕೆಲಸ, ದರದ ಪಕ್ಕದಲ್ಲೇ ದಾರಿಯ ಸಮಯವನ್ನೂ ಬರೆದದ್ದು: ‘ಗಿರಿಗೆ ಹೋಗಿ ಬರಲು 5ರಿಂದ 6 ಗಂಟೆ ಬೇಕು.’ ಆಮೇಲೆ ದರವನ್ನು ಮೂರು ಹಂತ ಮಾಡಿದೆವು. ಸ್ಕೂಟರಿಗೆ ಗಂಟೆಗೆ 80, ಕನಿಷ್ಠ ನಾಲ್ಕು ಗಂಟೆ. ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಇಡೀ ದಿನಕ್ಕೆ 500. ಗಂಟೆಯ ಲೆಕ್ಕ ಎಷ್ಟೇ ಆದರೂ ದಿನದ ದರಕ್ಕಿಂತ ಮೇಲೆ ಹೋಗುವುದಿಲ್ಲ. ಅವನ ಖರ್ಚು ನೋಡಿಕೊಂಡು ಹಾಕಿದ ದರ ಇದು. ಬೇರೆ ಊರಿನಲ್ಲಿ, ರಜಾ ದಿನಗಳಲ್ಲಿ ಅಂಕಿ ಬೇರೆಯಾದೀತು, ಕಟ್ಟುವ ಕ್ರಮ ಇದೇ ಇರಬಹುದು.

ತಡವಾದವರಿಗೆ ಏನು ಮಾಡುವುದು ಎಂಬಲ್ಲಿ ನಮ್ಮಿಬ್ಬರಿಗೆ ಸ್ವಲ್ಪ ವಾದವೇ ಆಯಿತು. ದಂಡ ಇಲ್ಲದಿದ್ದರೆ ಯಾರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಅವನು. ದಂಡ ದೊಡ್ಡದಾದಷ್ಟೂ ಇಳಿಜಾರಿನಲ್ಲಿ ಆತುರ ಹೆಚ್ಚುತ್ತದೆ ಎಂದು ನಾನು. ಕೊನೆಗೆ ಒಪ್ಪಿದ್ದು ಹೀಗೆ: ಮಾತಾಡಿದ ಸಮಯದ ಮೇಲೆ ಮೊದಲ ಅರ್ಧ ಗಂಟೆಗೆ ಏನೂ ಇಲ್ಲ, ಆಮೇಲೆ ಪ್ರತಿ ಅರ್ಧ ಗಂಟೆಗೆ 40 ರೂಪಾಯಿ ಮಾತ್ರ.

ಒಂದು ಉದಾಹರಣೆ ನೋಡೋಣ. ಗಂಡ ಹೆಂಡತಿ ಬೆಳಿಗ್ಗೆ ಏಳೂವರೆಗೆ ಸ್ಕೂಟರ್ ಪಡೆಯುತ್ತಾರೆ. ಆರು ಗಂಟೆಯ ಮಾತು, ಅಂದರೆ ಮಧ್ಯಾಹ್ನ ಒಂದೂವರೆಗೆ ವಾಪಸ್. ಬಾಡಿಗೆ 480 ರೂಪಾಯಿ, ಜೊತೆಗೆ ಮುಂಗಡ ಠೇವಣಿ 1,000. ಮಂಜು ಕವಿದು ಅವರು ಬರುವುದು ಎರಡೂ ಹತ್ತಕ್ಕೆ, ನಲವತ್ತು ನಿಮಿಷ ತಡ. ಮೂವತ್ತು ನಿಮಿಷ ರಿಯಾಯಿತಿಯಲ್ಲಿ ಹೋಯಿತು, ಉಳಿದ ಹತ್ತು ನಿಮಿಷಕ್ಕೆ ಅರ್ಧ ಗಂಟೆಯ 40 ರೂಪಾಯಿ. ಒಟ್ಟು 520. ಆದರೆ ಇಡೀ ದಿನದ ದರವೇ 500 ಇರುವಾಗ 520 ಕೇಳುವಂತಿಲ್ಲ. ಹಾಗಾಗಿ 480ರ ಮೇಲೆ 20 ರೂಪಾಯಿಯನ್ನಷ್ಟೇ ಠೇವಣಿಯಲ್ಲಿ ಹಿಡಿದು 980 ಹಿಂದಿರುಗಿಸಬೇಕು. ಗಾಡಿ ಪಡೆಯುವ ಮೊದಲೇ ಗಿರಾಕಿ ಈ ಲೆಕ್ಕವನ್ನು ತಾನೇ ಹಾಕಿಕೊಳ್ಳುವಂತಿದ್ದರೆ ಬೋರ್ಡು ಸರಿಯಾಗಿದೆ ಎಂದರ್ಥ. ಮಂಜಿನಲ್ಲಿ ತಡವಾದರೆ ಹೆಚ್ಚೆಂದರೆ 20 ರೂಪಾಯಿ ಹೋಗುತ್ತದೆ ಎಂದು ಗೊತ್ತಿರುವವನು ನಿಧಾನವಾಗಿಯೇ ಇಳಿಯುತ್ತಾನೆ.

ಪೆಟ್ರೋಲ್ ಬಗ್ಗೆ ಒಂದೇ ಸಾಲು ಸಾಕು: ಮೀಟರಿನ ಮುಳ್ಳು ಹೋಗುವಾಗ ಎಲ್ಲಿತ್ತೋ ಬರುವಾಗಲೂ ಅಲ್ಲೇ ಇರಬೇಕು. ಹೊರಡುವ ಮುನ್ನ ಮುಳ್ಳು ಮತ್ತು ಕಿಲೋಮೀಟರ್ ಎರಡೂ ಕಾಣುವಂತೆ ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಅದೇ ಹೊತ್ತಿಗೆ ಗಾಡಿಯ ಸುತ್ತ ಒಂದು ಸುತ್ತು ವಿಡಿಯೋ ಮಾಡಿದರೆ ಗೀರು, ಕನ್ನಡಿ, ಇಂಡಿಕೇಟರಿನ ಜಗಳಕ್ಕೆ ಜಾಗವೇ ಉಳಿಯುವುದಿಲ್ಲ. ಕನ್ನಡಿ ಒಡೆದರೆ ಎಷ್ಟು, ಬ್ರೇಕ್ ಲಿವರ್ ಮುರಿದರೆ ಎಷ್ಟು ಎಂಬ ಪಟ್ಟಿಯನ್ನು ಅಳಿಯ ಈಗ ಗೋಡೆಯ ಮೇಲೇ ಅಂಟಿಸಿದ್ದಾನೆ.

ಕಾಗದ ಪತ್ರ: ಎರಡೂ ಕಡೆಯವು

ದಾಖಲೆ ಎಂದ ಕೂಡಲೇ ನಮಗೆ ನೆನಪಾಗುವುದು ಗಿರಾಕಿ ಕೊಡಬೇಕಾದ ಕಾಗದ. ಅಂಗಡಿಯವನು ತೋರಿಸಬೇಕಾದ ಕಾಗದವೂ ಅಷ್ಟೇ ಮುಖ್ಯ. ಅದರಲ್ಲಿ ಮೊದಲನೆಯದು ಕಾಗದವೇ ಅಲ್ಲ, ನಂಬರ್ ಪ್ಲೇಟು.

ಸ್ವಂತ ಬಳಕೆಯ ಬೈಕಿಗೆ ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇರುತ್ತದೆ. ಬಾಡಿಗೆಗೆ ಪಡೆದು ನಾವೇ ಓಡಿಸುವ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಮೋಟಾರು ವಾಹನ ಕಾಯ್ದೆಯ 75ನೇ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರ 1997ರಲ್ಲಿ ಬೈಕ್ ಬಾಡಿಗೆಯ ಯೋಜನೆ ತಂದಿತು. ಅದರಂತೆ ಪರವಾನಗಿ ಪಡೆದವರು ಮಾತ್ರ ಈ ವ್ಯಾಪಾರ ಮಾಡಬಹುದು. ಪ್ರವಾಸಿ ಊರುಗಳಲ್ಲಿ ಯಾರೋ ಒಬ್ಬರು ತಮ್ಮ ಸ್ವಂತ ಬಿಳಿ ಪ್ಲೇಟಿನ ಸ್ಕೂಟರನ್ನು ಐವತ್ತು ರೂಪಾಯಿ ಕಡಿಮೆಗೆ ಕೊಡುತ್ತೇವೆ ಎನ್ನುತ್ತಾರೆ. ಒಪ್ಪಿಕೊಂಡರೆ ಏನಾಗುತ್ತದೆ? ಸ್ವಂತ ಬಳಕೆಯ ವಾಹನದ ವಿಮಾ ಪಾಲಿಸಿಯಲ್ಲಿ ಗಾಡಿಯನ್ನು ಬಾಡಿಗೆಗೆ ಬಳಸಬಾರದು ಎಂಬ ಷರತ್ತು ಇರುತ್ತದೆ. ದಾರಿಯಲ್ಲಿ ಯಾರಿಗಾದರೂ ಗುದ್ದಿದರೆ ಅದೇ ಷರತ್ತನ್ನು ತೋರಿಸಿ ವಿಮಾ ಕಂಪನಿ ತಕರಾರು ತೆಗೆಯಬಹುದು. ಆಗ ಗಾಯಗೊಂಡವರ ಪರಿಹಾರದ ಹೊಣೆ ಗಾಡಿ ಮಾಲೀಕನ ಮತ್ತು ಓಡಿಸಿದವನ ಹೆಗಲಿಗೆ ಬರುವ ಅಪಾಯವಿದೆ. ಐವತ್ತು ರೂಪಾಯಿ ಉಳಿಸಲು ಹೋಗಿ ಅಷ್ಟು ದೊಡ್ಡ ಭಾರ ಹೊರುವುದು ಬೇಡ. ಗಾಡಿ ಆರಿಸುವಾಗ ಬಣ್ಣಕ್ಕಿಂತ ಮೊದಲು ಪ್ಲೇಟ್ ನೋಡಿ. ಆಮೇಲೆ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ, ಈ ಮೂರೂ ಗಾಡಿಯ ಜೊತೆ ಇವೆಯೇ, ಅವಧಿ ಮುಗಿದಿದೆಯೇ ನೋಡಿ.

ಇನ್ನು ಗಿರಾಕಿಯ ಕಡೆಗೆ ಬರೋಣ. ಡಿಎಲ್ ಇದ್ದರೆ ಸಾಲದು, ಅದರಲ್ಲಿ ದ್ವಿಚಕ್ರ ವಾಹನದ ವರ್ಗ ಇರಬೇಕು. ಬೆಂಗಳೂರಿನಿಂದ ಬರುವ ಎಷ್ಟೋ ಮಂದಿಯ ಬಳಿ ಕಾರಿನ ಲೈಸೆನ್ಸ್ ಮಾತ್ರ ಇರುತ್ತದೆ. ಕಾರು ಓಡಿಸುವವನಿಗೆ ಸ್ಕೂಟರ್ ಯಾವ ಲೆಕ್ಕ ಎಂದು ಅವರು ನಂಬಿರುತ್ತಾರೆ. ಕಾನೂನಿನ ಪ್ರಕಾರ ಅವರು ದ್ವಿಚಕ್ರ ವಾಹನಕ್ಕೆ ಲೈಸೆನ್ಸ್ ಇಲ್ಲದವರೇ. ಗೇರ್ ಇಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಪಡೆದವರಿಗೆ ಗೇರ್ ಬೈಕ್ ಕೊಡುವಂತಿಲ್ಲ. ಎಲ್‌ಎಲ್ ಇರುವವರಿಗೆ ಯಾವುದನ್ನೂ ಕೊಡುವಂತಿಲ್ಲ. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ಮಾಲೀಕನೂ ಕಾಯ್ದೆಯ 180ನೇ ಕಲಮಿನಂತೆ ದಂಡಕ್ಕೆ, ಜೈಲಿಗೂ ಗುರಿಯಾಗಬಹುದು. ಅಳಿಯ ‘ಇಲ್ಲ’ ಎಂದಾಗ ಮುನಿಸಿಕೊಂಡು ಹೋದವರಿದ್ದಾರೆ. ಈಗ ಬೋರ್ಡಿನಲ್ಲೇ ‘ಕಾರಿನ ಲೈಸೆನ್ಸ್ ನಡೆಯುವುದಿಲ್ಲ’ ಎಂದು ಇರುವುದರಿಂದ ಅಂಗಡಿಯ ಒಳಗೆ ಬಂದು ವಾದ ಮಾಡುವವರು ಕಡಿಮೆಯಾಗಿದ್ದಾರೆ. ವಿದೇಶಿಯರಾದರೆ ದ್ವಿಚಕ್ರ ವಾಹನಕ್ಕೂ ಅನ್ವಯಿಸುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮತ್ತು ಅವರ ದೇಶದ ಮೂಲ ಲೈಸೆನ್ಸ್ ಎರಡನ್ನೂ ತೋರಿಸಬೇಕು.

ಮೂಲ ದಾಖಲೆಯನ್ನು ಅಂಗಡಿಯಲ್ಲಿ ಒತ್ತೆ ಇಟ್ಟುಕೊಳ್ಳುವ ರೂಢಿ ಹಲವು ಕಡೆ ಇದೆ. ನನ್ನ ಅಳಿಯನೂ ಮೊದಮೊದಲು ಡಿಎಲ್ ಕಾರ್ಡನ್ನೇ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದ. “ಅದನ್ನ ನೀನು ಇಟ್ಟುಕೊಂಡರೆ ದಾರಿಯಲ್ಲಿ ಪೊಲೀಸರು ಕೇಳಿದಾಗ ಅವರು ಏನು ತೋರಿಸಬೇಕು?” ಎಂದು ಕೇಳಿದೆ. ಅವನ ಬಳಿ ಉತ್ತರ ಇರಲಿಲ್ಲ. ಪಾಸ್‌ಪೋರ್ಟ್ ಅಂತೂ ಸರ್ಕಾರದ ಸ್ವತ್ತು, ಬಾಡಿಗೆ ಅಂಗಡಿಯಲ್ಲಿ ಒತ್ತೆ ಇಡುವ ವಸ್ತುವಲ್ಲ. ಈಗ ಅವನು ಡಿಎಲ್ಲನ್ನು ಕಣ್ಣಾರೆ ನೋಡಿ, ನಕಲು ಪಡೆದು, ಮೂಲವನ್ನು ವಾಪಸ್ ಕೊಡುತ್ತಾನೆ. ಡಿಜಿಲಾಕರ್‌ನಲ್ಲಿ ತೋರಿಸಿದ ಡಿಎಲ್ ಕೂಡ ನಡೆಯುತ್ತದೆ. ಆಧಾರ್ ಕೊಡುವವರು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಟ್ಟರೆ ಸಾಕು. ಭದ್ರತೆಗೆ ಠೇವಣಿ ಇದೆ, ದಾಖಲೆ ಬೇಡ.

ಇನ್ನೊಂದು ಸಾಲನ್ನು ಅನುಭವವೇ ಬರೆಸಿತು. ಕ್ಯಾಮೆರಾ ಹಿಡಿದ ದಂಡದ ಚಲನ್ ಗಾಡಿ ವಾಪಸ್ ಬಂದ ಹೊತ್ತಿಗೆ ಬರುವುದಿಲ್ಲ, ಎಷ್ಟೋ ದಿನಗಳ ಮೇಲೆ ಮಾಲೀಕನ ಹೆಸರಿಗೆ ಬರುತ್ತದೆ. ಹಾಗಾಗಿ ಬಾಡಿಗೆಯ ಸಮಯದಲ್ಲಿ ಆದ ಸಂಚಾರ ದಂಡ ಓಡಿಸಿದವರದು ಎಂದು ಬೋರ್ಡಿನಲ್ಲೂ, ರಸೀದಿಯಲ್ಲೂ, ಹೊರಟ ಮತ್ತು ಬಂದ ಸಮಯದ ಜೊತೆಗೆ ಇರಬೇಕು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ

‘ನಿಧಾನವಾಗಿ ಚಲಿಸಿ’ ಎಂಬ ಸಾಲನ್ನು ನಾನು ಮೊದಲು ಹೊಡೆದುಹಾಕಿದೆ. ಎಲ್ಲರೂ ಓದುತ್ತಾರೆ, ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಗುಡ್ಡದ ರಸ್ತೆ ಗೊತ್ತಿಲ್ಲದವರಿಗೆ ಕೈ ಕಾಲು ಏನು ಮಾಡಬೇಕು ಎಂದು ಹೇಳಬೇಕು.

ಮೊದಲನೆಯ ಮಾತು ಬ್ರೇಕಿನದು. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಬದಲಾಗುತ್ತದೆ. ಬಿಡದೆ ಹಿಡಿದುಕೊಂಡೇ ಇಳಿದರೆ ಆ ಬಿಸಿ ಹೊರಹೋಗಲು ಸಮಯ ಸಿಗುವುದಿಲ್ಲ. ಬ್ರೇಕಿನ ಹಿಡಿತ ಕುಗ್ಗುತ್ತದೆ. ಗೇರ್ ಬೈಕಿನಲ್ಲಿ ಇದಕ್ಕೊಂದು ಉಪಾಯವಿದೆ: ಆ ಏರನ್ನು ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿನ ಭಾರ ಅರ್ಧ ಇಳಿಯುತ್ತದೆ. ನ್ಯೂಟ್ರಲ್‌ನಲ್ಲಿ ಅಥವಾ ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುತ್ತೇವೆ ಎನ್ನುವವರು ಈ ಸಹಾಯವನ್ನೇ ಕೈಬಿಡುತ್ತಾರೆ.

ಸ್ಕೂಟರಿನಲ್ಲಿ ಆ ಉಪಾಯ ಪೂರ್ತಿ ಇಲ್ಲ. ಗೇರ್ ಇಳಿಸುವುದು ನಮ್ಮ ಕೈಯಲ್ಲಿಲ್ಲ, ವೇಗ ತೀರಾ ಕಡಿಮೆಯಾದಾಗ ಒಳಗಿನ ಕ್ಲಚ್ ತಾನೇ ಬಿಟ್ಟುಕೊಂಡು ಎಂಜಿನ್ನಿನ ಹಿಡಿತವೂ ತಪ್ಪುತ್ತದೆ. ಇಬ್ಬರು ಕೂತು ಇಳಿಯುವ ಸ್ಕೂಟರಿನ ಪೂರ್ತಿ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ಆ ಇಬ್ಬರು ಹುಡುಗರ ಗಾಡಿಯಲ್ಲಿ ಬಂದ ವಾಸನೆ ಇದೇ. ಸ್ಕೂಟರಿನಲ್ಲಿ ಹೋಗುವವರು ಎರಡು ಗುರುತು ನೆನಪಿಡಬೇಕು. ಸುಟ್ಟ ವಾಸನೆ ಬಂದರೆ ಅಥವಾ ಲಿವರ್ ಮೊದಲಿಗಿಂತ ಹ್ಯಾಂಡಲಿಗೆ ಹತ್ತಿರವಾಗಿ ಎಳೆದರೆ ಮಾತ್ರ ಹಿಡಿಯುತ್ತಿದ್ದರೆ, ಬ್ರೇಕ್ ಬಿಸಿಯಾಗಿದೆ. ರಸ್ತೆ ಅಗಲವಿರುವ ಕಡೆ, ತಿರುವಿನಿಂದ ದೂರ ನಿಲ್ಲಿಸಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ತಣ್ಣಗಾಗುತ್ತದೆ. ಅವಸರಕ್ಕೆ ನೀರು ಸುರಿಯಬೇಡಿ, ಕಾದ ಲೋಹ ತಟ್ಟನೆ ತಣ್ಣಗಾದರೆ ಬಿರುಕು ಬಿಡಬಹುದು. ಈ ಇಪ್ಪತ್ತು ನಿಮಿಷಕ್ಕಾಗಿಯೇ ಬೋರ್ಡಿನಲ್ಲಿ ಅರ್ಧ ಗಂಟೆಯ ರಿಯಾಯಿತಿ ಇಟ್ಟದ್ದು.

ಎರಡನೆಯದು ತಿರುವು. ವೇಗವನ್ನು ತಿರುವಿನ ಒಳಗೆ ಅಲ್ಲ, ಅದಕ್ಕೆ ಮುಂಚಿನ ನೇರ ರಸ್ತೆಯಲ್ಲೇ ಇಳಿಸಿಕೊಳ್ಳಬೇಕು. ಗಾಡಿ ವಾಲಿದಾಗ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ, ಅದರಲ್ಲೂ ಮಳೆಗಾಲದ ಒದ್ದೆ ಎಲೆ, ಕೆಸರಿನ ಮೇಲೆ, ಚಕ್ರ ಜಾರುತ್ತದೆ. ಎದುರು ಕಾಣದ ತಿರುವಿನಲ್ಲಿ ಹಾರ್ನ್ ಹೊಡೆದು ಎಡಕ್ಕೇ ಇರಬೇಕು. ಕಿರಿದಾದ ಕಡೆ ಏರುವ ಗಾಡಿಗೆ ದಾರಿ ಬಿಡಬೇಕು, ಅದು ಬೆಟ್ಟದ ರಸ್ತೆಯ ನಿಯಮ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ಡಿಪ್ ಲೈಟೇ ಒಳ್ಳೆಯದು.

ಮೂರನೆಯದು ಹೆಲ್ಮೆಟ್. ಓಡಿಸುವವರಿಗೂ ಹಿಂದೆ ಕೂರುವವರಿಗೂ ಅದು ಕಡ್ಡಾಯ. ಇಲ್ಲದಿದ್ದರೆ ದಂಡದ ಜೊತೆಗೆ ಲೈಸೆನ್ಸ್ ಮೂರು ತಿಂಗಳು ಅಮಾನತಾಗಬಹುದು. ಅರ್ಧ ತಲೆ ಮುಚ್ಚುವ ಟೋಪಿಯಂಥ ಹೆಲ್ಮೆಟ್ ದಂಡ ತಪ್ಪಿಸಲೂ ಸಾಲದು, ತಲೆ ಉಳಿಸಲೂ ಸಾಲದು. ಐಎಸ್ಐ ಗುರುತು ನೋಡಿ, ಹಾಕಿಕೊಂಡು ಪಟ್ಟಿ ಬಿಗಿದು ತಲೆ ಅಲ್ಲಾಡಿಸಿ. ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ ಹೋದರೆ ಅದು ನಿಮ್ಮ ಅಳತೆಯದಲ್ಲ, ಬೇರೆ ಕೇಳಿ. ಅಂಗಡಿಯವರು ಮೂರು ಅಳತೆಯ ಹೆಲ್ಮೆಟ್ ಇಡಬೇಕು, ಒಳಗಿನ ಬಟ್ಟೆಯನ್ನು ಆಗಾಗ ಒಗೆಸಬೇಕು. ಬೆವರು ವಾಸನೆಯ ಹೆಲ್ಮೆಟ್ಟನ್ನು ಗಿರಾಕಿ ಊರು ದಾಟಿದ ಕೂಡಲೇ ಕೈಗೆ ನೇತುಹಾಕಿಕೊಳ್ಳುತ್ತಾನೆ. ಸಣ್ಣ ಮಗುವಿದ್ದರೆ ಮೊದಲೇ ಹೇಳಬೇಕು. ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಮಗುವನ್ನು ಓಡಿಸುವವರಿಗೆ ಕಟ್ಟುವ ಬೆಲ್ಟ್, ಮಗುವಿನ ಅಳತೆಯ ಹೆಲ್ಮೆಟ್, 40 ಕಿಲೋಮೀಟರ್ ಮೀರದ ವೇಗ, ಇವು ಕೇಂದ್ರ ನಿಯಮದಲ್ಲೇ ಇವೆ.

ಗೋಡೆಗೆ ಏರಿದ ಬೋರ್ಡು

ಇಷ್ಟನ್ನೂ ಬೋರ್ಡಿನಲ್ಲಿ ತುಂಬಿದರೆ ಯಾರೂ ಓದುವುದಿಲ್ಲ. ರಸ್ತೆಯ ಆಚೆ ಬದಿಯಿಂದ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಒಂದು ನಿಮಿಷದಲ್ಲಿ ಓದಿ ಮುಗಿಯುವಷ್ಟೇ ಇರಬೇಕು. ಉಳಿದದ್ದನ್ನು ಕೀಲಿ ಕೊಡುವಾಗ ಬಾಯಲ್ಲಿ ಹೇಳಬೇಕು. ಕೊನೆಗೆ ನಾವು ಬರೆಸಿದ್ದು ಇಷ್ಟು:

ಬೈಕ್, ಸ್ಕೂಟರ್ ಬಾಡಿಗೆಗೆ
*ಸರ್ಕಾರಿ ಪರವಾನಗಿ ಇದೆ. ನಂಬರ್ ಪ್ಲೇಟ್ ನೋಡಿ: ಕಪ್ಪು ಪ್ಲೇಟ್, ಹಳದಿ ಅಕ್ಷರ.*

ದರ (ಸ್ಕೂಟರ್)
ಗಂಟೆಗೆ ₹80, ಕನಿಷ್ಠ 4 ಗಂಟೆ
ಬೆಳಿಗ್ಗೆ 7ರಿಂದ ಸಂಜೆ 7: ₹500. ಗಂಟೆಯ ಲೆಕ್ಕ ಇದನ್ನು ಮೀರುವುದಿಲ್ಲ
ಠೇವಣಿ ₹1,000, ಗಾಡಿ ಬಂದ ಕೂಡಲೇ ವಾಪಸ್
ಎರಡು ಹೆಲ್ಮೆಟ್ ಉಚಿತ. ಪೆಟ್ರೋಲ್ ನಿಮ್ಮದು: ಇದ್ದಷ್ಟೇ ತುಂಬಿ ತನ್ನಿ
ಗಿರಿಗೆ ಹೋಗಿ ಬರಲು 5ರಿಂದ 6 ಗಂಟೆ ಬೇಕು

ದಾಖಲೆ
ದ್ವಿಚಕ್ರ ವಾಹನದ ಡಿಎಲ್ (ಡಿಜಿಲಾಕರ್ ಆಗುತ್ತದೆ). ಕಾರಿನ ಲೈಸೆನ್ಸ್, ಎಲ್‌ಎಲ್ ನಡೆಯುವುದಿಲ್ಲ
ಗುರುತಿನ ಚೀಟಿಯ ನಕಲು. ಮೂಲ ದಾಖಲೆ ಇಟ್ಟುಕೊಳ್ಳುವುದಿಲ್ಲ
ಸಂಚಾರ ದಂಡ ಓಡಿಸಿದವರದು

ದಾರಿಯಲ್ಲಿ
ಇಬ್ಬರಿಗೂ ಹೆಲ್ಮೆಟ್, ಪಟ್ಟಿ ಬಿಗಿದು. ಮೂವರು ಬೇಡ. ಕುಡಿದವರಿಗೆ ಗಾಡಿ ಇಲ್ಲ
ಹತ್ತಿದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಬೇಡ
ಸುಟ್ಟ ವಾಸನೆ ಬಂದರೆ ನಿಲ್ಲಿಸಿ, 20 ನಿಮಿಷ ಬಿಡಿ
ಏರುವ ಗಾಡಿಗೆ ದಾರಿ ಬಿಡಿ

ಬೋರ್ಡಿನ ಕೊನೆಯ ಸಾಲಿಗೆ ಅಳಿಯ ‘ತಡವಾದರೆ ದಂಡ’ ಎಂದು ಪೇಂಟರ್‌ಗೆ ಚೀಟಿ ಬರೆದುಕೊಟ್ಟಿದ್ದ. ಪೇಂಟರ್ ಬ್ರಷ್ ಅದ್ದುವ ಹೊತ್ತಿಗೆ ಅವನೇ ತಡೆದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಚೀಟಿಯನ್ನು ತಿರುಗಿಸಿ ಹಿಂದೆ ಬೇರೆ ಬರೆದುಕೊಟ್ಟ. ಈಗ ಅಂಗಡಿಯ ಮುಂದೆ ಹೋದವರಿಗೆ ಫೋನ್ ನಂಬರಿನ ಮೇಲೆ ಆ ಸಾಲು ಕಾಣುತ್ತದೆ:

*ತಡವಾದರೆ ಫೋನ್ ಮಾಡಿ. ಮೊದಲ ಅರ್ಧ ಗಂಟೆಗೆ ದುಡ್ಡಿಲ್ಲ. ಆತುರದಲ್ಲಿ ಇಳಿಯಬೇಡಿ.*